ಹುಲಿಗೇಶನ ಬಾಕಿ ಪಗಾರ

ಯುಗಾದಿಯ ಮರುದಿನ ಮಧ್ಯಾಹ್ನ ಅಕ್ಕಿ ಗಿರಣಿಯ ಗೇಟಿನ ಹತ್ತಿರ ಹುಲಿಗೇಶ ಎದೆ ಹಿಡಿದುಕೊಂಡು ಕುಸಿದಾಗ, ಅವನನ್ನು ಎತ್ತಿ ಕಾರಿನಲ್ಲಿ ಹಾಕಿಕೊಂಡು ಹೋದವರು ಗಿರಣಿಯ ಮಾಲೀಕ ಕೊಟ್ರಯ್ಯನವರೇ. ಆ ಹೊತ್ತಿಗೆ ಹುಲಿಗೇಶ ಅವರ ಮೇಲೆ ಕಾರ್ಮಿಕ ಇಲಾಖೆಯಲ್ಲಿ ಅರ್ಜಿ ಹಾಕಿ ಮೂರು ತಿಂಗಳು ದಾಟಿತ್ತು. ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಆದರೂ ಕೊಟ್ರಯ್ಯನವರು ಡ್ರೈವರ್‌ಗೆ ಕಾಯಲಿಲ್ಲ, ತಾವೇ ಓಡಿಸಿದರು. ಹೊಸಪೇಟೆಯ ಡಾಕ್ಟರು ಬಳ್ಳಾರಿಗೆ ಒಯ್ಯಿರಿ ಅಂದರು, ಬಳ್ಳಾರಿಗೂ ಒಯ್ದರು. ಅಲ್ಲಿ ಮೂರು ದಿನ ಇದ್ದು ಹುಲಿಗೇಶ ತೀರಿಕೊಂಡ. ಮೂವತ್ತೆಂಟು ಸಾವಿರ ಬಿಲ್ಲನ್ನು ಕೊಟ್ರಯ್ಯನವರೇ ಕಟ್ಟಿ, ಹೆಣವನ್ನು ಹೊಸಪೇಟೆ ಚಿತ್ತವಾಡಗಿಯ ಮನೆಗೆ ಕಳಿಸಿಕೊಟ್ಟರು.

ಹುಲಿಗೇಶನ ಹೆಂಡತಿ ಭೀಮವ್ವನನ್ನು ಮುಂದೆ ಎಷ್ಟೋ ದಿನ ನಿದ್ದೆಗೆಡಿಸಿದ್ದು ಇದೇ. ಗಂಡನ ಪಗಾರ ಹಿಡಿದವರೂ ಅವರೇ, ಗಂಡನ ಜೀವ ಉಳಿಸಲು ಓಡಾಡಿದವರೂ ಅವರೇ.

ಹುಲಿಗೇಶ ಮೊದಲು ಸಂಡೂರಿನಲ್ಲಿ ಅದಿರು ಲಾರಿಗಳಿಗೆ ಲೋಡು ಹಾಕಿಸುವ ಕೆಲಸದಲ್ಲಿದ್ದ. ಧೂಳಿಗೆ ಉಸಿರು ಹಿಡಿಯತೊಡಗಿದ ಮೇಲೆ ಅದನ್ನು ಬಿಟ್ಟು, ಎರಡು ಸಾವಿರದ ಇಪ್ಪತ್ನಾಲ್ಕರ ಜನವರಿಯಲ್ಲಿ ಕಂಪ್ಲಿ ರಸ್ತೆಯ ಈ ಗಿರಣಿಗೆ ವಾಚ್‌ಮನ್ ಆಗಿ ಬಂದ. ಚಿಕ್ಕ ಗಿರಣಿ, ಒಟ್ಟು ಎಂಟು ಜನ. ತಿಂಗಳಿಗೆ ಹತ್ತು ಸಾವಿರದ ಆರುನೂರು ಅವನ ಬ್ಯಾಂಕ್ ಖಾತೆಗೆ ಬೀಳುತ್ತಿತ್ತು. ಗೇಟಿನ ಪಕ್ಕ ಕೂಡಲು ಒಂದು ಕೋಣೆ, ಎರಡು ಹೊತ್ತು ಚಹಾ, ಹಬ್ಬಕ್ಕೆ ಹತ್ತು ಕಿಲೋ ನುಚ್ಚಕ್ಕಿ. ಕಡಿಮೆ ಎಂದು ಅವನಿಗೆ ಅನಿಸಿರಲಿಲ್ಲ. ಎಷ್ಟು ಬರಬೇಕು ಎಂದು ಗೊತ್ತಿದ್ದರಲ್ಲವೇ ಕಡಿಮೆ ಅನಿಸುವುದು.

ಅದನ್ನು ಪತ್ತೆಮಾಡಿದವನು ಅದೇ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ ದುರುಗೇಶ. ಕಂಪ್ಲಿಯ ಇನ್ನೊಂದು ಗಿರಣಿಯಲ್ಲಿದ್ದ ಅವನ ಭಾವನಿಗೆ ಇವರಿಗಿಂತ ಹೆಚ್ಚು ಬರುತ್ತಿತ್ತು. ಯಾಕೆ ಎಂದು ವಿಚಾರಿಸುತ್ತ ಅವನು ಹೊಸಪೇಟೆಯ ಕಾರ್ಮಿಕ ಸಂಘದ ಮಲ್ಲೇಶನ ಹತ್ತಿರ ಹೋದ. ಮಲ್ಲೇಶ ಬಿಡಿಸಿ ಹೇಳಿದ. ಅಕ್ಕಿ ಗಿರಣಿಯ ಕೆಲಸಕ್ಕೆ ಸರ್ಕಾರ ಇಷ್ಟು ಎಂದು ಕನಿಷ್ಠ ವೇತನ ಗೊತ್ತುಮಾಡಿರುತ್ತದೆ, ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿ ಅದು ಏರುತ್ತದೆ, ಮಾಲೀಕನೂ ಕೆಲಸಗಾರನೂ ಒಪ್ಪಿಕೊಂಡರೂ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಹುಲಿಗೇಶನ ಲೆಕ್ಕದಲ್ಲಿ ಮೊದಲ ಮೂರು ತಿಂಗಳು ತಲಾ ಎರಡು ಸಾವಿರದ ನಾನೂರು ಕಡಿಮೆ ಬಿದ್ದಿತ್ತು. ಏಪ್ರಿಲ್‌ನಿಂದ ದರ ಏರಿತು, ಪಗಾರ ಏರಲಿಲ್ಲ, ಕೊರತೆ ತಿಂಗಳಿಗೆ ಮೂರು ಸಾವಿರ ಆಯಿತು.

ದುರುಗೇಶ, ಹುಲಿಗೇಶ, ಇನ್ನಿಬ್ಬರು ಸೇರಿ ಡಿಸೆಂಬರ್‌ನಲ್ಲಿ ಒಂದೇ ಅರ್ಜಿ ಹಾಕಿದರು. ಅರ್ಜಿಯಲ್ಲಿ ಹುಲಿಗೇಶನದೇ ಮೊದಲ ಹೆಸರು. ದಿನಕ್ಕೆ ಹನ್ನೆರಡು ತಾಸು ದುಡಿದದ್ದನ್ನೂ ಬರೆಯೋಣ ಎಂದು ಅವನು ಕೇಳಿದ್ದ. ತಾಸಿನ ಲೆಕ್ಕಕ್ಕೆ ಪುರಾವೆ ಏನೂ ಇಲ್ಲ, ಸಾಬೀತಾಗುವುದನ್ನಷ್ಟೇ ಕೇಳೋಣ ಎಂದು ಮಲ್ಲೇಶ ಅದನ್ನು ಬಿಡಿಸಿದ.

ನೋಟಿಸು ಬಂದ ದಿನ ಕೊಟ್ರಯ್ಯನವರು ಎಲ್ಲರನ್ನೂ ಅಂಗಳಕ್ಕೆ ಕರೆದರು.

"ಏನಲೇ ಹುಲಿಗ್ಯಾ, ನಾ ನಿನ್ನ ಪಗಾರ ತಿಂದೀನೇನು? ಬಾಯಿ ಬಿಟ್ಟು ಕೇಳಿದ್ರ ನಾ ಕೊಡ್ತಿದ್ದಿಲ್ಲೇನು? ಸುಳ್ಳ ಬರದು ಕಚೇರಿಗೆ ಕೊಟ್ಟೀಯಲ್ಲ!"

"ಸುಳ್ಳಲ್ರಿ ಸಾವ್ಕಾರ್ರ," ಎಂದಷ್ಟೇ ಹುಲಿಗೇಶ ಅಂದಿದ್ದ. ಅವರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಅಂದಿನಿಂದ ಗಿರಣಿಯಲ್ಲಿ ಕೆಲವರು ಅವನ ಬೆನ್ನ ಹಿಂದೆ 'ಸುಳ್ಳ ಹುಲಿಗ್ಯಾ' ಎನ್ನತೊಡಗಿದರು. ಮನೆಗೆ ಬಂದು ಹೆಂಡತಿಗೆ ಹೇಳುವಾಗ ಅವನು ತಟ್ಟೆಯಿಂದ ತಲೆ ಎತ್ತಿರಲಿಲ್ಲ.

ಅವನು ಹೋದ ಮೇಲೆ ಅರ್ಜಿಯೂ ಹೋಯಿತು ಎಂದುಕೊಂಡಿದ್ದಳು ಭೀಮವ್ವ. ಹಾಗಲ್ಲ ಎಂದು ಹೇಳಲು ಮೇ ತಿಂಗಳಲ್ಲಿ ದುರುಗೇಶ ಮನೆಗೆ ಬಂದ.

"ಅಕ್ಕಾ, ಅಣ್ಣನ ಜಾಗಕ್ಕ ನಿನ್ನ ಹೆಸರು ಸೇರಿಸ್ಬೇಕಂತ. ಅವ ದುಡದದ್ದು ಈಗ ನಿಂದು, ಮಗಳದು. ನಾಡಕಚೇರಿಗೆ ಹೋಗಿ ವಂಶವೃಕ್ಷ ಮಾಡಿಸ್ಕೊಂಡು ಬರೋಣ."

"ಬ್ಯಾಡ ತಮ್ಮಾ. ಅವರು ಆಸ್ಪತ್ರಿಗೆ ಅಷ್ಟು ರೊಕ್ಕ ಸುರುವ್ಯಾರ. ನಾ ಯಾವ ಮುಖ ಇಟ್ಕೊಂಡು ಅವರ ಮುಂದ ನಿಂದ್ರಲಿ?"

ದುರುಗೇಶ ಒತ್ತಾಯ ಮಾಡಲಿಲ್ಲ. ಹೋಗುವಾಗ ಹೊಸ್ತಿಲಲ್ಲಿ ನಿಂತು, "ನಾವು ಮೂರೂ ಮಂದಿ ಇನ್ನಾ ಅಲ್ಲೇ ಕೆಲಸ ಮಾಡಾಕತ್ತೀವಿ. ದಿನಾ ಅವರ ಮಾರಿ ನೋಡ್ಬೇಕು. ನೀ ಇಲ್ಲಂದ್ರ ನಮ್ಮೊಳಗ ಒಬ್ಬೊಬ್ಬರ ಕಾಲು ಹಿಂದ ಸರೀತಾವು, ಅಷ್ಟ," ಎಂದ.

ಭೀಮವ್ವ ಆ ವಾರವೇ ನಾಡಕಚೇರಿಗೆ ಹೋದಳು. ಧೈರ್ಯ ಬಂತು ಅಂತಲ್ಲ. ಮಗಳು ಪೂಜಿತಾ ಬಳ್ಳಾರಿಯಲ್ಲಿ ನರ್ಸಿಂಗ್ ಓದುತ್ತಿದ್ದಳು, ಎರಡನೆಯ ವರ್ಷದ ಫೀಸು ಬಾಕಿ ಇತ್ತು. ಭೀಮವ್ವ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ದುಡಿಮೆ ಬಾಡಿಗೆಗೆ, ಹೊಟ್ಟೆಗೆ ಸರಿಹೋಗುತ್ತಿತ್ತು.

ಆಗಸ್ಟ್‌ನಲ್ಲಿ ಒಂದು ಸಂಜೆ ಕೊಟ್ರಯ್ಯನವರ ಹೆಂಡತಿ ಸಂಗಮ್ಮ ಮನೆಗೆ ಬಂದರು. ಜೊತೆಗೆ ಯಾರೂ ಇರಲಿಲ್ಲ. ಭೀಮವ್ವ ಚಾಪೆ ಹಾಸಿ, "ಕುಂದ್ರಿ ಅಮ್ಮಾರ," ಎಂದು ನೀರು ತಂದಿಟ್ಟಳು. ಸಂಗಮ್ಮ ಗೋಡೆಯ ಮೇಲಿದ್ದ ಹುಲಿಗೇಶನ ಫೋಟೋಗೆ ಕೈ ಮುಗಿದು ಕುಳಿತರು.

"ಭೀಮವ್ವ, ನಾ ಸುತ್ತು ಹಾಕಿ ಮಾತಾಡಂಗಿಲ್ಲ. ಮಗಳ ಫೀಸು ಬಾಕಿ ಐತಂತ ಕೇಳಿದೆ. ಎಪ್ಪತ್ತೈದು ಸಾವಿರ ಕೊಡ್ತೀವಿ. ನಿಮಗ ಬರೂದಕ್ಕಿಂತ ಜಾಸ್ತಿನ ಐತಿ, ಬೇಕಾದ್ರ ಮಲ್ಲೇಶನ್ನ ಕೇಳು. ಆಸ್ಪತ್ರಿ ರೊಕ್ಕ ನಾವು ಎಂದೂ ಕೇಳಂಗಿಲ್ಲ. ನೀ ಕೇಸಿಂದ ಹೊರಗ ಬಾ."

ಎಪ್ಪತ್ತೈದು ಸಾವಿರವನ್ನು ಭೀಮವ್ವ ಒಟ್ಟಿಗೆ ಎಂದೂ ನೋಡಿದವಳಲ್ಲ. ಫೀಸು ಕಟ್ಟಿ, ಸಾಲ ತೀರಿಸಿ, ಮೇಲೆ ಸ್ವಲ್ಪ ಉಳಿಯುತ್ತಿತ್ತು. ಮುಂದೆ ಕುಳಿತವರು ಕೆಟ್ಟವರೂ ಅಲ್ಲ. ಹುಲಿಗೇಶನ ಮಣ್ಣಿಗೆ ಬಂದಿದ್ದರು, ಅತ್ತಿದ್ದರು.

"ಏನ್ ಮಾಡ್ಬೇಕ್ರಿ ನಾನು?"

ಸಂಗಮ್ಮ ಚೀಲದಿಂದ ವಕೀಲರು ಬರೆಸಿದ ಒಂದು ಹಾಳೆ ತೆಗೆದರು. ಭೀಮವ್ವನಿಗೆ ಓದು ತಡವಾಗುತ್ತಿತ್ತು. ಹಾಗಾಗಿ ತಾವೇ ಓದಿದರು. ನನ್ನ ಗಂಡನಿಗೆ ಗಿರಣಿಯಿಂದ ಬರಬೇಕಾದ ಪಗಾರ ಎಲ್ಲವೂ ಆಯಾ ತಿಂಗಳಲ್ಲೇ ಪೂರ್ತಿಯಾಗಿ ಬಂದಿದೆ, ಯಾವ ಬಾಕಿಯೂ ಇಲ್ಲ, ತಪ್ಪು ತಿಳಿವಳಿಕೆಯಿಂದ ಅರ್ಜಿ ಕೊಟ್ಟಿದ್ದರು ಎಂದಿತ್ತು ಅದರಲ್ಲಿ.

"ಈ ಮಾತು ಬ್ಯಾಡ್ರಿ ಅಮ್ಮಾರ," ಎಂದಳು ಭೀಮವ್ವ.

"ಯಾವ ಮಾತು?"

"ಪೂರಾ ಬಂದೈತಿ ಅನ್ನೂದು. ಅದನ್ನ ತಗದುಬಿಡ್ರಿ. ನೀವು ಕೊಟ್ಟಷ್ಟು ತಗೊಂಡು ಸುಮ್ನಾಗ್ತೀನಿ."

"ಅದು ಇರ್ಲೇಬೇಕಂತ. ಇಲ್ಲಾಂದ್ರ ಉಳಿದ ಮೂರು ಮಂದಿ ಕೇಸಿಗೆ ನಮಗ ತೊಂದ್ರಿ ಆಕ್ಕೈತಿ ಅಂದ್ರು ವಕೀಲ್ರು. ಬರೇ ಒಂದು ಸಾಲು, ಭೀಮವ್ವ. ಯಾರು ಓದ್ತಾರ ಅದನ್ನ?"

"ನಾ ಓದ್ತೀನಲ್ರಿ." ಭೀಮವ್ವ ಗೋಡೆಯ ಫೋಟೋದ ಕಡೆ ನೋಡಿದಳು. "ಇದ್ದಾಗ ಅವನ್ನ ಸುಳ್ಳ ಅಂದ್ರು. ಸತ್ತ ಮ್ಯಾಲೆ ನಾನೂ ಹೌದು ಅಂತ ಸಹಿ ಹಾಕಲೇನ್ರಿ?"

ಸಂಗಮ್ಮ ಹಾಳೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು, "ವಿಚಾರ ಮಾಡು," ಎಂದು ಎದ್ದರು. ಅವರು ಹೋದ ಮೇಲೆ ಭೀಮವ್ವ ಒಲೆ ಹಚ್ಚಲಿಲ್ಲ. ತಾನು ಮಾಡಿದ್ದು ಸರಿಯೋ, ಬಾಯಿಗೆ ಬಂದ ತುತ್ತನ್ನು ಚೆಲ್ಲಿದೆನೋ ಅವಳಿಗೆ ತಿಳಿಯಲಿಲ್ಲ. ಫೋನಿನಲ್ಲಿ ಮಗಳಿಗೆ ಹೇಳಿದಾಗ ಪೂಜಿತಾ, "ಫೀಸಿಗೆ ನಾ ಕಾಲೇಜಿನ್ಯಾಗ ಟೈಮ್ ಕೇಳ್ತೀನಿ ಬಿಡವ್ವಾ," ಎಂದಳು. ಅಷ್ಟು ಹೇಳಿ ಅವಳು ಅತ್ತದ್ದು ತಾಯಿಗೆ ಕೇಳಿಸಿತು.

ಕೊನೆಯ ವಿಚಾರಣೆ ನಡೆದದ್ದು ಅಕ್ಟೋಬರ್ ಏಳರಂದು, ಕಾರ್ಮಿಕ ಅಧಿಕಾರಿ ವಿಜಯಲಕ್ಷ್ಮೀಯವರ ಕೋಣೆಯಲ್ಲಿ. ಮೇಜಿನ ಒಂದು ಕಡೆ ಕೊಟ್ರಯ್ಯನವರು ಮತ್ತು ವಕೀಲರು, ಇನ್ನೊಂದು ಕಡೆ ಭೀಮವ್ವ, ದುರುಗೇಶ, ಜೊತೆಯ ಇಬ್ಬರು, ಹಿಂದೆ ಮಲ್ಲೇಶ. ಕಡಿಮೆ ಬಿದ್ದದ್ದು ಎಷ್ಟು ಎಂಬುದರಲ್ಲಿ ಜಗಳವೇನೂ ಉಳಿದಿರಲಿಲ್ಲ. ಬ್ಯಾಂಕಿಗೆ ಬಿದ್ದದ್ದು ಎಷ್ಟು, ಸರ್ಕಾರದ ದರ ಎಷ್ಟು ಎರಡೂ ಮುಂದೆಯೇ ಇದ್ದವು.

ವಕೀಲರು ಮೊದಲು ತಡದ ಮಾತು ಎತ್ತಿದರು. ಪಗಾರ ಬರಬೇಕಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಕೊಡಬೇಕು, ಇವರ ಮೊದಲ ತಿಂಗಳುಗಳು ಅದನ್ನು ಮೀರಿವೆ ಎಂದರು. ಅಧಿಕಾರಿ ಕೊಟ್ರಯ್ಯನವರ ಕಡೆ ತಿರುಗಿದರು.

"ವೇತನದ ದರ ಬರೆದ ಬೋರ್ಡು ಗಿರಣಿಯಲ್ಲಿ ಎಲ್ಲರಿಗೂ ಕಾಣೋ ಹಂಗೆ ಹಾಕಬೇಕು. ಹಾಕಿದ್ರಾ?"

"ಇಲ್ರಿ ಮೇಡಂ."

"ಹಾಗಿದ್ದರೆ ಇವರಿಗೆ ತಡವಾಗಿ ಗೊತ್ತಾಗಿದ್ದು ಇವರ ತಪ್ಪಲ್ಲ. ತಡವನ್ನು ಮನ್ನಿಸಿದೀನಿ."

ಆಮೇಲೆ ಕೊಟ್ರಯ್ಯನವರೇ ಮಾತಾಡಿದರು. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

"ಮೇಡಂ, ಅವ ಬಿದ್ದಾಗ ನನ್ನ ಕೈಯಾರ ಎತ್ಕೊಂಡು ಹೋಗೀನಿ. ಮೂವತ್ತೆಂಟು ಸಾವಿರ ಕಟ್ಟೀನಿ. ರಸೀದಿ ಅದಾವು. ಅದನ್ನಾದ್ರೂ ಇದ್ರಾಗ ಹಿಡೀರಿ."

"ಅದನ್ನು ಪಗಾರದ ಮುಂಗಡ ಅಂತ ಕೊಟ್ಟಿದ್ರಾ? ಅವರ ಹತ್ತಿರ ಬರೆಸಿಕೊಂಡಿದ್ರಾ?"

"ಸಾಯೋ ಮನಿಶ್ಯಾನ ಹತ್ರ ಏನ್ ಬರಿಸ್ಕೊಳ್ಳೂದ್ರಿ?"

"ನೀವು ಮಾಡಿದ್ದು ಉಪಕಾರ. ಅದನ್ನು ನಾನು ಸಣ್ಣದು ಅನ್ನೋದಿಲ್ಲ," ಎಂದರು ವಿಜಯಲಕ್ಷ್ಮೀ. "ಆದರೆ ಉಪಕಾರವನ್ನು ಪಗಾರದಲ್ಲಿ ಮುರಿದುಕೊಳ್ಳೋಕೆ ಬರೋದಿಲ್ಲ. ಚಹಾ, ಕೋಣೆ, ನುಚ್ಚಕ್ಕಿಗೂ ಅದೇ ಮಾತು."

ವಕೀಲರು ಕೊಟ್ರಯ್ಯನವರ ಕಿವಿಯಲ್ಲಿ ಏನೋ ಹೇಳಿದರು. ಕೊರತೆಯ ಮೇಲೆ ಹತ್ತು ಪಟ್ಟಿನವರೆಗೂ ಪರಿಹಾರ ಹಾಕುವ ಅಧಿಕಾರ ಈ ಕೋಣೆಗೆ ಇದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ವಕೀಲರು ಎದ್ದು, "ಅಸಲು ಈಗಲೇ ಒಪ್ಪಿಕೊಳ್ಳುತ್ತೇವೆ. ಪರಿಹಾರ, ಬಡ್ಡಿ ಯಾವುದೂ ಬೇಡ," ಎಂದರು.

ಮಲ್ಲೇಶ ತಾನು ಬರೆದು ತಂದ ಲೆಕ್ಕವನ್ನು ಮುಂದಿಟ್ಟ. ಹತ್ತು ಪಟ್ಟು ನಾವು ಕೇಳುತ್ತಿಲ್ಲ, ಪರಿಹಾರ ಅಂತ ವರ್ಷಕ್ಕೆ ಶೇಕಡಾ ಆರರ ಸರಳ ಬಡ್ಡಿ ಕೊಡಿಸಿ ಸಾಕು ಎಂದ. ನೂರಕ್ಕೆ ತಿಂಗಳಿಗೆ ಅರ್ಧ ರೂಪಾಯಿ. ಎಲ್ಲವನ್ನೂ ಕೂಡಿಸಿ ಒಟ್ಟಿಗೆ ಬಡ್ಡಿ ಹಾಕುವುದಲ್ಲ. ಪ್ರತಿ ತಿಂಗಳ ಪಗಾರ ಮುಂದಿನ ತಿಂಗಳ ಏಳನೆಯ ತಾರೀಕಿಗೆ ಕೈಗೆ ಬರಬೇಕಿತ್ತು, ಆ ತಿಂಗಳ ಕೊರತೆಗೆ ಅಂದಿನಿಂದಲೇ ಬಡ್ಡಿ. ಮೊದಲ ಜನವರಿಯ ಎರಡು ಸಾವಿರದ ನಾನೂರಕ್ಕೆ ಇಪ್ಪತ್ತು ತಿಂಗಳು, ಫೆಬ್ರವರಿಯದಕ್ಕೆ ಒಂದು ತಿಂಗಳು ಕಡಿಮೆ, ಹೀಗೆ ಇಳಿಯುತ್ತ ಹೋಗಿ, ಅವನು ದುಡಿದ ಕೊನೆಯ ಮಾರ್ಚ್‌ನ ಮೂರು ಸಾವಿರಕ್ಕೆ ಆರೇ ತಿಂಗಳು. ಹದಿನೈದು ತಿಂಗಳ ಕೊರತೆ ನಲವತ್ಮೂರು ಸಾವಿರದ ಇನ್ನೂರು. ಬಡ್ಡಿ ಎರಡು ಸಾವಿರದ ಏಳುನೂರ ಐವತ್ನಾಲ್ಕು.

"ಎರಡು ಸಾವಿರ ಚಿಲ್ಲರೆಗೆ ಇಷ್ಟು ಎಳೆದಾಡಬೇಕಾ?" ಎಂದರು ವಕೀಲರು. "ಬಿಟ್ಟುಬಿಡಮ್ಮ, ಇವತ್ತೇ ಮುಗಿದುಹೋಗುತ್ತೆ."

ಎಲ್ಲರೂ ಭೀಮವ್ವನನ್ನು ನೋಡಿದರು. ಅವಳು ಅಧಿಕಾರಿಯನ್ನು ಕೇಳಿದಳು. "ಬಿಡಬೌದೇನ್ರಿ ಅಮ್ಮಾರ ಅದನ್ನ?"

"ದುಡ್ಡು ನಿಮ್ಮದು, ಕೇಳೋದು ಬಿಡೋದು ನಿಮಗೆ ಸೇರಿದ್ದು. ಬಡ್ಡಿ ಯಾಕೆ ಅಂದರೆ, ಆ ತಿಂಗಳೇ ನಿಮ್ಮ ಕೈಯಲ್ಲಿ ಇರಬೇಕಾದ ದುಡ್ಡು ಇಷ್ಟು ದಿನ ಇನ್ನೊಬ್ಬರ ಹತ್ತಿರ ಇತ್ತು, ಅದಕ್ಕೆ."

ಭೀಮವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಮಾತಾಡಬೇಕೆಂದು ಅವಳು ಬಂದಿರಲಿಲ್ಲ.

"ಸಾವ್ಕಾರ್ರ, ನಿಮಗೊಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹೋದ ವರ್ಷ ದೀಪಾವಳಿ ಹೊತ್ತಿಗೇನ ಅವ್ನಿಗೆ ಎದಿ ನೋವು ಬಂದಿತ್ರಿ. ಡಾಕ್ಟ್ರು ಹಾರ್ಟಿಂದು ಸ್ಕ್ಯಾನಿಂಗ್ ಮಾಡಿಸ್ರಿ ಅಂದ್ರು, ಮಾತ್ರಿ ಎಲ್ಲಾ ಸೇರಿ ನಾಕು ಸಾವಿರ ಆಕ್ಕೈತಿ ಅಂದ್ರು. ಮುಂದಿನ ಪಗಾರಕ್ಕ ಮಾಡ್ಸೋಣ, ಮುಂದಿನ ಪಗಾರಕ್ಕ ಮಾಡ್ಸೋಣ ಅಂತ ಅವ ಮುಂದ ಹಾಕ್ತಾ ಬಂದ. ಕಡೀಗೆ ನಾನಽ ನೂರಕ್ಕ ಮೂರು ರೂಪಾಯಿ ಬಡ್ಡಿಗೆ ಸಾಲ ತಂದೆ. ಆ ರೊಕ್ಕ ಮಗಳ ಹಾಸ್ಟೆಲಿಗೆ ಹೋತು. ನೀವು ಆಸ್ಪತ್ರಿಗೆ ಒಯ್ದದ್ದು ನಾ ಸಾಯೂ ತನಕ ಮರೆಯಂಗಿಲ್ರಿ. ಖರೆ ಹೇಳ್ತೀನಿ. ಆದ್ರ ಆ ರೊಕ್ಕ ತಿಂಗಳ ತಿಂಗಳ ಕೈಗೆ ಬಂದಿದ್ರ, ಅವ ತಾನಽ ನಡಕೊಂಡು ಆಸ್ಪತ್ರಿಗೆ ಹೋಗ್ತಿದ್ದ."

ದುರುಗೇಶ ಮುಖ ಒರೆಸಿಕೊಂಡ. ಕೊಟ್ರಯ್ಯನವರು ಮಲ್ಲೇಶನ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಕನ್ನಡಕ ಹಾಕಿಕೊಂಡು ದೀಪಾವಳಿಯ ತಿಂಗಳು ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿದರು. ಆ ಸಾಲಿನಲ್ಲಿ ಮೂರು ಸಾವಿರ ಎಂದಿತ್ತು. ಅದರ ಮೇಲಿನ ಸಾಲಿನಲ್ಲೂ ಮೂರು ಸಾವಿರ. ಬೆರಳು ಅಲ್ಲೇ ನಿಂತಿತು.

"ಬಡ್ಡಿ ಸುದ್ದಾ ಬರೀರಿ ಮೇಡಂ," ಎಂದರು ಅವರು. ವಕೀಲರು ಏನೋ ಹೇಳಹೋದರು. ಅವರು ಕೈ ಎತ್ತಿ ತಡೆದರು. "ನಾಲ್ಕೂ ಮಂದೀದು ಬರೀರಿ."

ವಿಜಯಲಕ್ಷ್ಮೀಯವರು ಆದೇಶ ಬರೆಸಿದರು. ನಾಲ್ವರಿಗೂ ಅವರವರ ತಿಂಗಳ ಕೊರತೆ, ಪರಿಹಾರವಾಗಿ ಅದರ ಮೇಲಿನ ಬಡ್ಡಿ. ಮೂವತ್ತು ದಿನದೊಳಗೆ ಕಚೇರಿಯಲ್ಲಿ ಕಟ್ಟಬೇಕು, ತಪ್ಪಿದರೆ ವಸೂಲಿ ಕ್ರಮ. ಹುಲಿಗೇಶನ ವಾರಸುದಾರಳಾದ ಭೀಮವ್ವನಿಗೆ ನಲವತ್ತೈದು ಸಾವಿರದ ಒಂಬೈನೂರ ಐವತ್ನಾಲ್ಕು ರೂಪಾಯಿ. ಸಂಗಮ್ಮ ಕೊಡಲು ಬಂದದ್ದಕ್ಕಿಂತ ಇಪ್ಪತ್ತೊಂಬತ್ತು ಸಾವಿರ ಕಡಿಮೆ. ಅದು ಅವಳಿಗೂ ಗೊತ್ತಿತ್ತು. ಹೊರಗೆ ಬಂದ ಮೇಲೆ ಅವಳು ಮೆಟ್ಟಿಲ ಮೇಲೆಯೇ ಸ್ವಲ್ಪ ಹೊತ್ತು ಕುಳಿತಳು.

ಕೊಟ್ರಯ್ಯನವರು ಇಳಿದು ಬಂದರು. ವಕೀಲರು ಮುಂದೆ ಹೋಗಿದ್ದರು. ಭೀಮವ್ವ ಎದ್ದು ನಿಲ್ಲಹೋದಳು.

"ಕುಂದರು, ಕುಂದರು," ಎಂದರು. ತಾವೂ ಅಲ್ಲೇ ಮೆಟ್ಟಿಲ ಬಳಿ ನಿಂತರು. "ಎದಿ ನೋವಿನ ಸುದ್ದಿ ಅವ ನನಗ ಹೇಳೇ ಇಲ್ಲ, ಭೀಮವ್ವ."

"ಹೇಳೂದು ಹೆಂಗ್ರಿ. ಹೇಳಿದ್ರ ವಾಚ್‌ಮನ್ ಕೆಲಸಕ್ಕ ಇಟ್ಕೋತಿರ್ಲಿಲ್ಲ ಅಂತ ಹೆದರಿಕಿ ಇತ್ತು ಅವನಿಗೆ."

"ಅವ ಸುಳ್ಳ ಅಲ್ಲ," ಎಂದರು ಕೊಟ್ರಯ್ಯನವರು, ಬಹಳ ಮೆಲ್ಲಗೆ. "ನಾಳೆ ಗಿರಣ್ಯಾಗ ನಾನಽ ಹೇಳ್ತೀನಿ." ಹಾಗೆಂದು ಕಾರಿನ ಕಡೆ ನಡೆದರು.

ಅವರು ಮರುದಿನ ಹೇಳಿದ್ದು ನಿಜ ಎಂದು ದುರುಗೇಶ ಬಂದು ತಿಳಿಸಿದ. ಎಲ್ಲರನ್ನೂ ಮತ್ತೆ ಅದೇ ಅಂಗಳಕ್ಕೆ ಕರೆದು, ತಲೆ ತಗ್ಗಿಸಿ, ಎರಡೇ ಮಾತಿನಲ್ಲಿ ಹೇಳಿದರಂತೆ. ಆ ತಿಂಗಳಿಂದ ಗಿರಣಿಯ ಎಲ್ಲರಿಗೂ ಸರ್ಕಾರದ ದರ ಬರತೊಡಗಿತು. ಚಹಾ ಮಾತ್ರ ನಿಂತುಹೋಯಿತು. ಅದಕ್ಕೂ ದುರುಗೇಶ ನಕ್ಕ. "ನಮ್ಮ ಚಾ ನಾವಽ ಕುಡಿತೀವಿ ಬಿಡಕ್ಕಾ," ಎಂದ.

ಹಣ ನವೆಂಬರ್ ಮೊದಲ ವಾರ ಭೀಮವ್ವನ ಖಾತೆಗೆ ಬಂತು. ಅದರಲ್ಲಿ ಬಡ್ಡಿ ಸಾಲ ಮೊದಲು ತೀರಿತು. ಉಳಿದದ್ದನ್ನು ಸೀರೆಯ ಮಡಿಕೆಯಲ್ಲಿ ಭದ್ರ ಮಾಡಿಕೊಂಡು ಅವಳು ಬಳ್ಳಾರಿಯ ಬಸ್ಸು ಹತ್ತಿದಳು. ಕಾಲೇಜಿನ ಕೌಂಟರಿನಲ್ಲಿ ಗುಮಾಸ್ತ ಎಣಿಸಿ, ಇನ್ನೂ ಹನ್ನೊಂದು ಸಾವಿರ ಬಾಕಿ ಉಳೀತು ಎಂದ. ಸಂಕ್ರಾಂತಿಯೊಳಗೆ ಕಟ್ಟುತ್ತೇವೆ ಎಂದು ಪೂಜಿತಾ ಬರೆದುಕೊಟ್ಟಳು.

ಕಟ್ಟಿದವರು ಯಾರು ಎಂದು ಗುಮಾಸ್ತ ಕೇಳಿದ. ಮಗಳು ತಾಯಿಯ ಹೆಸರು ಹೇಳಹೋದಳು. ಭೀಮವ್ವ ಅವಳ ಕೈ ಹಿಡಿದಳು.

"ನಿಮ್ಮಪ್ಪಂದು ಬರಿಸು."

"ಅಪ್ಪ ಇಲ್ಲಲ್ಲವ್ವಾ."

"ಇಲ್ಲದಿದ್ರೇನು, ದುಡದಾನಲ್ಲ," ಎಂದಳು ಭೀಮವ್ವ.

ಗುಮಾಸ್ತ ಇಬ್ಬರ ಮುಖವನ್ನೂ ನೋಡಿ, ಹೆಸರು ಕೇಳಿ ಬರೆದುಕೊಂಡ. ತಾಯಿ ಮಗಳು ಹೊರಗೆ ಬಂದು ಕಾಲೇಜಿನ ಎದುರಿನ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣೆ ತಿಂದರು. ಮಗಳಿಗೆ ಮಧ್ಯಾಹ್ನದ ಡ್ಯೂಟಿ ಇತ್ತು. ಅವಳು ಓಡುತ್ತ ಒಳಗೆ ಹೋದ ಮೇಲೆ, ಭೀಮವ್ವ ಹೊಸಪೇಟೆಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಅಂಗಡಿಯವನನ್ನು ಕೇಳಿಕೊಂಡು ಆ ಕಡೆ ನಡೆದಳು.